ಒಂದು ಸಲಕ್ಕೆ ಎಷ್ಟು ಮೂಟೆ?

ಬೇಳೆ ಮುಗಿಯುತ್ತಾ ಬಂತು, ತರಿಸಬೇಕು. ಎಷ್ಟು ತರಿಸೋದು? ಹೋಟೆಲಿನ ಉಗ್ರಾಣದಲ್ಲಿ ಈ ಪ್ರಶ್ನೆ ಏಳದ ವಾರವಿಲ್ಲ. ಮಾಲೀಕರು ಒಂದು ಹೇಳುತ್ತಾರೆ, ಉಗ್ರಾಣ ನೋಡಿಕೊಳ್ಳುವವರು ಇನ್ನೊಂದು ಹೇಳುತ್ತಾರೆ. ‘ಹೇಗೂ ಬೇಕಾಗುವ ಪದಾರ್ಥ, ಒಂದೇ ಸಲ ಆರು ತಿಂಗಳಿಗಾಗುವಷ್ಟು ಹಾಕಿಸಿಬಿಡಿ, ಪದೇಪದೇ ಮಂಡಿಗೆ ಓಡುವುದು ತಪ್ಪುತ್ತದೆ’ ಎಂಬುದು ಒಬ್ಬರ ವಾದ. ‘ಅಷ್ಟು ದುಡ್ಡು ಮೂಟೆಯಲ್ಲಿ ಕಟ್ಟಿಡುವುದು ಯಾಕೆ, ವಾರ ವಾರ ತಂದರಾಯಿತು’ ಎಂಬುದು ಮತ್ತೊಬ್ಬರದು. ಇಬ್ಬರೂ ಅನುಭವದ ಮಾತನ್ನೇ ಆಡುತ್ತಿದ್ದಾರೆ. ಇಬ್ಬರ ಮಾತಿನಲ್ಲೂ ಒಂದೊಂದು ಖರ್ಚು ಕಾಣುತ್ತದೆ, ಮತ್ತೊಂದು ಮರೆಯಾಗಿರುತ್ತದೆ.

ಮೊದಲನೆಯವರಿಗೆ ಕಾಣುವುದು ತರಿಸುವ ಖರ್ಚು. ಎರಡನೆಯವರಿಗೆ ಕಾಣುವುದು ಇಟ್ಟುಕೊಳ್ಳುವ ಖರ್ಚು. ಒಂದನ್ನು ಇಳಿಸಲು ಹೋದರೆ ಇನ್ನೊಂದು ಏರುತ್ತದೆ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು, ಎರಡೂ ಕೂಡಿ ಎಲ್ಲಿ ಅತಿ ಕಡಿಮೆಯಾಗುತ್ತದೆ ಎಂದು ಹುಡುಕುವ ಲೆಕ್ಕಕ್ಕೆ ವಾಣಿಜ್ಯಶಾಸ್ತ್ರದಲ್ಲಿ ಎಕನಾಮಿಕ್ ಆರ್ಡರ್ ಕ್ವಾಂಟಿಟಿ ಎಂದು ಹೆಸರು. ಬಿ.ಕಾಂ. ಓದಿದವರಿಗೆ ಇದು ‘ಇಒಕ್ಯು’ ಎಂಬ ಸೂತ್ರವಾಗಿ ನೆನಪಿರುತ್ತದೆ, ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಗಿರುತ್ತದೆ. ಸೂತ್ರ ಮರೆತರೆ ದೊಡ್ಡ ನಷ್ಟವಿಲ್ಲ. ಅದರೊಳಗಿನ ತರ್ಕವನ್ನು ಮರೆತರೆ ನಷ್ಟವಿದೆ.

ಈ ಲೆಕ್ಕ ಮೊದಲು ಅಚ್ಚಾದದ್ದು 1913ರ ಫೆಬ್ರವರಿಯಲ್ಲಿ, ಅಮೆರಿಕದ ‘ಫ್ಯಾಕ್ಟರಿ’ ಎಂಬ ಮಾಸಪತ್ರಿಕೆಯಲ್ಲಿ. ಬರೆದವರು ಫೋರ್ಡ್ ವಿಟ್ಮನ್ ಹ್ಯಾರಿಸ್. ಕಾಲೇಜು ಮೆಟ್ಟಿಲು ಹತ್ತದೆ ತಾವಾಗಿಯೇ ಕಲಿತು ಎಂಜಿನಿಯರ್ ಆದವರು, ಮುಂದೆ ಪೇಟೆಂಟ್ ವಕೀಲರಾಗಿ ಹೆಸರು ಮಾಡಿದವರು. ಅವರು ಕೇಳಿಕೊಂಡದ್ದು ಕಾರ್ಖಾನೆಯ ಪ್ರಶ್ನೆ: ಒಂದು ಬಿಡಿಭಾಗವನ್ನು ತಯಾರಿಸಲು ಯಂತ್ರವನ್ನು ಒಮ್ಮೆ ಹೊಂದಿಸಿದ ಮೇಲೆ ಎಷ್ಟು ಬಿಡಿಭಾಗಗಳನ್ನು ಮಾಡಿ ಮುಗಿಸಬೇಕು? ಪ್ರತಿಸಲ ಹೊಂದಿಸುವುದಕ್ಕೂ ಖರ್ಚಿದೆ, ಮಾಡಿಟ್ಟದ್ದು ಗೋದಾಮಿನಲ್ಲಿ ಕೂರುವುದಕ್ಕೂ ಖರ್ಚಿದೆ. ಇದೇ ಪ್ರಶ್ನೆ ಖರೀದಿಗೂ ಹಾಗೆಯೇ ಹೊಂದುತ್ತದೆ. ಹ್ಯಾರಿಸರ ಲೇಖನ ಮಾತ್ರ ಜನರ ನೆನಪಿನಿಂದ ಮರೆಯಾಯಿತು. 1934ರಲ್ಲಿ ಆರ್.ಎಚ್. ವಿಲ್ಸನ್ ಎಂಬವರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ದಾಸ್ತಾನು ನಿಯಂತ್ರಣದ ಬಗ್ಗೆ ಬರೆದ ಮೇಲೆ ಸೂತ್ರ ಅವರ ಹೆಸರಿನಲ್ಲೇ ಹರಡಿತು. ಜರ್ಮನಿಯಲ್ಲಿ ಇಂದಿಗೂ ಅದು 1929ರಲ್ಲಿ ಬರೆದ ಆಂಡ್ಲರ್ ಅವರ ಸೂತ್ರ. 1990ರಲ್ಲಿ ಡೊನಾಲ್ಡ್ ಅರ್ಲೆನ್‌ಕಾಟರ್ ಎಂಬ ಪ್ರಾಧ್ಯಾಪಕರು ಹ್ಯಾರಿಸರ ಬದುಕನ್ನೂ ಆ ಮೂಲ ಲೇಖನದ ಕಥೆಯನ್ನೂ ಬರೆದು ಪ್ರಕಟಿಸಿದ ಮೇಲೆ ಅವರಿಗೆ ಸಲ್ಲಬೇಕಾದ ಮನ್ನಣೆ ಸಂದಿತು.

ಈಗ ನಮ್ಮ ಬೇಳೆಗೆ ಬರೋಣ. ಲೆಕ್ಕಕ್ಕಾಗಿ ತುಮಕೂರಿನಂಥ ಊರಿನ ಒಂದು ಮಧ್ಯಮ ಹೋಟೆಲನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಇಡ್ಲಿ ಸಾಂಬಾರಿನಿಂದ ರಾತ್ರಿ ಊಟದವರೆಗೆ ದಿನಕ್ಕೆ 20 ಕೆಜಿ ತೊಗರಿಬೇಳೆ ಬೇಕು. ವರ್ಷಕ್ಕೆ 360 ದಿನ ಒಲೆ ಉರಿದರೆ 7,200 ಕೆಜಿ, ಅಂದರೆ 50 ಕೆಜಿಯ 144 ಮೂಟೆ. ಬೆಲೆ ಕೆಜಿಗೆ ₹120 ಎಂದಿಟ್ಟುಕೊಳ್ಳೋಣ. ವರ್ಷದ ಬೇಳೆಯ ಬಿಲ್ಲು ₹8,64,000. ಒಂದು ಸಲಕ್ಕೆ ಹತ್ತು ಮೂಟೆ ತಂದರೂ ನೂರು ಮೂಟೆ ತಂದರೂ ಈ ಮೊತ್ತ ಬದಲಾಗುವುದಿಲ್ಲ. ಬದಲಾಗದ್ದನ್ನು ಬದಿಗಿಡಬೇಕು, ಬದಲಾಗುವುದನ್ನಷ್ಟೇ ಹಿಡಿಯಬೇಕು. ಈ ಲೆಕ್ಕದಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಎರಡೂ ಖರ್ಚುಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ತರಿಸುವ ಖರ್ಚೆಂದರೆ, ಒಂದು ಸಲ ತರಿಸಿದರೆ ಎಷ್ಟೇ ಮೂಟೆ ಇದ್ದರೂ ತಗಲುವ ಖರ್ಚು. ಮಂಡಿಯಿಂದ ಹೋಟೆಲಿಗೆ ಟೆಂಪೊ ಬಾಡಿಗೆ ₹350. ಉಗ್ರಾಣದವರು ಮಂಡಿಗೆ ಹೋಗಿ, ಮಾದರಿ ನೋಡಿ, ತೂಕದ ಹತ್ತಿರ ನಿಂತು ಬರುವಷ್ಟು ಹೊತ್ತು ಅವರ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಬೇಕು, ಅದಕ್ಕೆ ₹200. ಪೆಟ್ರೋಲು, ಚಿಲ್ಲರೆ ಖರ್ಚು ₹50. ಒಟ್ಟು ₹600. ಹಮಾಲಿ ಕೂಲಿಯನ್ನು ಇಲ್ಲಿ ಸೇರಿಸಿಲ್ಲ. ಮೂಟೆಗೆ ಇಷ್ಟು ಎಂದು ಕೊಡುವ ಕೂಲಿ ಅದು. ವರ್ಷಕ್ಕೆ 144 ಮೂಟೆ ಇಳಿಯಲೇಬೇಕು, ಹನ್ನೆರಡು ಸಲ ಇಳಿದರೂ ಎರಡು ಸಲ ಇಳಿದರೂ ಕೂಲಿಯ ಮೊತ್ತ ಒಂದೇ. ಹಾಗೆಯೇ ಲೆಕ್ಕ ಬರೆಯುವವರ ತಿಂಗಳ ಸಂಬಳವೂ ಇಲ್ಲಿ ಸೇರದು. ಎರಡು ಬಿಲ್ಲು ಕಡಿಮೆ ಬಂದರೆ ಅವರ ಸಂಬಳವೇನೂ ಇಳಿಯುವುದಿಲ್ಲ. ಕೆಲವು ಪಠ್ಯಗಳು ಖರೀದಿ ವಿಭಾಗದ ಇಡೀ ವರ್ಷದ ವೆಚ್ಚವನ್ನು ಬಿಲ್ಲುಗಳ ಸಂಖ್ಯೆಯಿಂದ ಭಾಗಿಸಿ ಇದನ್ನು ತೆಗೆಯಲು ಹೇಳುತ್ತವೆ. ಹಾಗೆ ಮಾಡಿದರೆ ತರಿಸುವ ಖರ್ಚು ಇಲ್ಲದಷ್ಟು ದೊಡ್ಡದಾಗಿ ಕಾಣುತ್ತದೆ, ದಾಸ್ತಾನು ಬೇಡದಷ್ಟು ಬೆಳೆಯುತ್ತದೆ.

ಇಟ್ಟುಕೊಳ್ಳುವ ಖರ್ಚು ಇನ್ನೂ ಮರೆಯಲ್ಲಿರುತ್ತದೆ, ಏಕೆಂದರೆ ಅದಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲ. ಅದರಲ್ಲಿ ದೊಡ್ಡ ಪಾಲು ಬಡ್ಡಿ. ಹೋಟೆಲು ಬ್ಯಾಂಕಿನ ಓವರ್‌ಡ್ರಾಫ್ಟಿನಲ್ಲಿ ನಡೆಯುತ್ತಿದ್ದರೆ, ಬಡ್ಡಿ ಶೇ 12 ಎಂದರೂ, ಒಂದು ಕೆಜಿ ಬೇಳೆ ವರ್ಷವಿಡೀ ಮೂಟೆಯಲ್ಲಿ ಕೂತರೆ ₹14.40. ಸ್ವಂತ ದುಡ್ಡಾದರೆ ಬಡ್ಡಿಯಿಲ್ಲ ಎಂದು ಹಲವರು ತಿಳಿಯುತ್ತಾರೆ. ಅದೇ ದುಡ್ಡು ಬೇರೆ ಕಡೆ ಏನು ದುಡಿಯುತ್ತಿತ್ತೋ ಅದನ್ನು ಬಿಟ್ಟುಕೊಟ್ಟಿದ್ದೀರಲ್ಲ, ಅದೂ ಖರ್ಚೇ. ಎರಡನೆಯದು ಹಾಳಾಗುವ ಪಾಲು: ಹುಳು, ಇಲಿ, ಮಳೆಗಾಲದ ತೇವ, ಹರಿದ ಮೂಟೆಯಿಂದ ಚೆಲ್ಲುವುದು. ಇದಕ್ಕೆ ಶೇ 5ರಂತೆ ₹6. ಮೂರನೆಯದು ಜಾಗ, ಶೇ 3ರಂತೆ ₹3.60. ಜಾಗದ ಖರ್ಚನ್ನು ಹಾಕುವಾಗ ಪ್ರಾಮಾಣಿಕರಾಗಿರಬೇಕು. ಬೇಳೆ ಕಡಿಮೆಯಾದರೆ ಆ ಕೋಣೆಯನ್ನು ಬೇರೆ ಯಾವುದಕ್ಕಾದರೂ ಬಳಸುತ್ತೀರಾ, ಅಥವಾ ಬಾಡಿಗೆ ಉಳಿಯುತ್ತದೆಯಾ? ಹೌದಾದರೆ ಸೇರಿಸಿ. ಕೋಣೆ ಸುಮ್ಮನೆ ಖಾಲಿ ಬೀಳುವುದಾದರೆ ಅದು ಸೊನ್ನೆ. ನಮ್ಮ ಹೋಟೆಲಿನಲ್ಲಿ ಜಾಗ ಇಕ್ಕಟ್ಟು ಎಂದುಕೊಂಡು ಸೇರಿಸಿದ್ದೇನೆ. ಒಟ್ಟು ಕೆಜಿಗೆ ವರ್ಷಕ್ಕೆ ₹24, ಅಂದರೆ ತಿಂಗಳಿಗೆ ₹2.

ಈ ‘ತಿಂಗಳಿಗೆ ಎರಡು ರೂಪಾಯಿ’ಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಟ್ಟುಕೊಳ್ಳುವ ಖರ್ಚನ್ನು ಯಾವ ದಾಸ್ತಾನಿನ ಮೇಲೆ ಹಾಕಬೇಕು? 600 ಕೆಜಿ ತಂದ ದಿನ ಉಗ್ರಾಣದಲ್ಲಿ 600 ಇರುತ್ತದೆ. ದಿನಕ್ಕೆ 20ರಂತೆ ಇಳಿಯುತ್ತಾ ಮೂವತ್ತನೆಯ ದಿನ ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ತುಂಬಿದ ದಿನವೂ ಇದೆ, ಬರಿದಾದ ದಿನವೂ ಇದೆ. ಸರಾಸರಿಗೆ ನೋಡಿದರೆ ವರ್ಷವಿಡೀ ಕೂತಿದ್ದದ್ದು 300 ಕೆಜಿ. ಒಂದು ಸಲಕ್ಕೆ ತರಿಸುವುದರ ಅರ್ಧ ಯಾವಾಗಲೂ ಕೂತಿರುತ್ತದೆ ಎಂದು ಹಿಡಿದರೆ ಲೆಕ್ಕ ಸರಿಹೋಗುತ್ತದೆ.

ಈಗ ವಾರ ವಾರ ತರಿಸುವವರ ಲೆಕ್ಕ ನೋಡೋಣ. ಒಂದು ಸಲಕ್ಕೆ ಮೂರು ಮೂಟೆ, 150 ಕೆಜಿ. ವರ್ಷಕ್ಕೆ 48 ಸಲ ತರಿಸಬೇಕು, ₹600ರಂತೆ ₹28,800. ಕೂತಿರುವುದು ಸರಾಸರಿ 75 ಕೆಜಿ, ₹24ರಂತೆ ₹1,800. ಕೂಡಿದರೆ ₹30,600. ಆರು ತಿಂಗಳಿಗೊಮ್ಮೆ ತರಿಸುವವರದು ಇದರ ತಿರುಗುಮುರುಗು. ಎರಡು ಸಲ ತರಿಸಲು ಬರೀ ₹1,200. ಆದರೆ ಸರಾಸರಿ 1,800 ಕೆಜಿ ವರ್ಷವಿಡೀ ಕೂತಿರುತ್ತದೆ, ಅದಕ್ಕೆ ₹43,200. ಕೂಡಿದರೆ ₹44,400. ಟೆಂಪೊ ಬಾಡಿಗೆ ಉಳಿಸಿದೆವೆಂದು ನೆಮ್ಮದಿಯಿಂದಿದ್ದವರು ವಾರ ವಾರ ಓಡಾಡಿದವರಿಗಿಂತ ಹೆಚ್ಚು ಕಳೆದುಕೊಂಡಿದ್ದಾರೆ, ಮತ್ತು ಆ ಹಣ ಎಲ್ಲಿ ಹೋಯಿತೆಂದು ಅವರ ಯಾವ ಬಿಲ್ಲಿನಲ್ಲೂ ಬರೆದಿಲ್ಲ.

ಇನ್ನು ತಿಂಗಳಿಗೊಮ್ಮೆ 600 ಕೆಜಿ. ಹನ್ನೆರಡು ಸಲ ತರಿಸಲು ₹7,200. ಸರಾಸರಿ 300 ಕೆಜಿ ಇಟ್ಟುಕೊಳ್ಳಲು ₹7,200. ಕೂಡಿದರೆ ₹14,400. ಇದಕ್ಕಿಂತ ಕಡಿಮೆ ಮಾಡಲು ಸಾಧ್ಯವಿಲ್ಲ.

ಎರಡೂ ಖರ್ಚು ಸರಿಸಮವಾದದ್ದು ಆಕಸ್ಮಿಕವಲ್ಲ. ಎರಡನ್ನೂ ಗುಣಿಸಿ ನೋಡಿ. ವಾರದ ಲೆಕ್ಕದಲ್ಲಿ 28,800ನ್ನು 1,800ರಿಂದ ಗುಣಿಸಿದರೆ ಎಷ್ಟು ಬರುತ್ತದೋ, ತಿಂಗಳ ಲೆಕ್ಕದಲ್ಲಿ 7,200ನ್ನು 7,200ರಿಂದ ಗುಣಿಸಿದರೂ ಅಷ್ಟೇ ಬರುತ್ತದೆ. ಆರು ತಿಂಗಳ ಲೆಕ್ಕದಲ್ಲೂ ಅಷ್ಟೇ. ಒಂದು ಸಲದ ಪ್ರಮಾಣವನ್ನು ಇಮ್ಮಡಿ ಮಾಡಿದರೆ ತರಿಸುವ ಖರ್ಚು ಅರ್ಧವಾಗುತ್ತದೆ, ಇಟ್ಟುಕೊಳ್ಳುವ ಖರ್ಚು ಇಮ್ಮಡಿಯಾಗುತ್ತದೆ. ಹಾಗಾಗಿ ಗುಣಲಬ್ಧ ಕದಲುವುದಿಲ್ಲ. ಗುಣಲಬ್ಧ ಕದಲದ ಎರಡು ಸಂಖ್ಯೆಗಳ ಮೊತ್ತ ಅತಿ ಕಡಿಮೆಯಾಗುವುದು ಅವೆರಡೂ ಸಮವಾದಾಗ. ಗುಣಿಸಿದರೆ 36 ಬರುವ ಜೋಡಿಗಳನ್ನು ಕೂಡಿ ನೋಡಿ: 1 ಮತ್ತು 36 ಕೂಡಿದರೆ 37, 2 ಮತ್ತು 18 ಕೂಡಿದರೆ 20, 4 ಮತ್ತು 9 ಕೂಡಿದರೆ 13, 6 ಮತ್ತು 6 ಕೂಡಿದರೆ 12. ಹ್ಯಾರಿಸರ ಸೂತ್ರದ ಒಡಲಲ್ಲಿರುವುದು ಇಷ್ಟೇ. ಬರೆದು ನೋಡಬೇಕೆನ್ನುವವರಿಗೆ ಅದು ಹೀಗಿದೆ:

Q = √(2DS / H)

D ಎಂದರೆ ವರ್ಷಕ್ಕೆ ಬೇಕಾಗುವ ಪ್ರಮಾಣ, S ಒಂದು ಸಲ ತರಿಸುವ ಖರ್ಚು, H ಒಂದು ಕೆಜಿಯನ್ನು ಒಂದು ವರ್ಷ ಇಟ್ಟುಕೊಳ್ಳುವ ಖರ್ಚು, Q ಒಂದು ಸಲಕ್ಕೆ ತರಿಸಬೇಕಾದ್ದು. ನಮ್ಮ ಬೇಳೆಗೆ 2 × 7,200 × 600 ಗುಣಿಸಿ 24ರಿಂದ ಭಾಗಿಸಿದರೆ 3,60,000. ಅದರ ವರ್ಗಮೂಲ 600.

ಈ ಸೂತ್ರದ ಬಗ್ಗೆ ನನಗೆ ಅತ್ಯಂತ ಮೆಚ್ಚುಗೆಯಾಗುವ ಗುಣ ಅದರ ನಿಖರತೆಯಲ್ಲ, ಅದರ ಸಹನೆ. 600 ಎಂದು ಬಂದಿತೆಂದು 600ನ್ನೇ ಹಿಡಿದು ಕೂರಬೇಕಿಲ್ಲ. 400 ಕೆಜಿಯಂತೆ ತರಿಸಿದರೆ ಒಟ್ಟು ಖರ್ಚು ₹15,600. 900 ಕೆಜಿಯಂತೆ ತರಿಸಿದರೂ ₹15,600. ಅಷ್ಟು ಆಚೀಚೆ ಸರಿದರೂ ಏರಿದ್ದು ಶೇ 8ಕ್ಕಿಂತ ಸ್ವಲ್ಪ ಹೆಚ್ಚು. ಅರ್ಧಕ್ಕೆ ಇಳಿಸಿದರೆ ಅಥವಾ ಇಮ್ಮಡಿಗೆ ಏರಿಸಿದರೆ ಶೇ 25 ಏರುತ್ತದೆ. ಖರ್ಚಿನ ಗೆರೆ ತಳದಲ್ಲಿ ಚಪ್ಪಟೆಯಾಗಿದೆ, ಅಂಚಿಗೆ ಹೋದಂತೆ ಕಡಿದಾಗುತ್ತದೆ. ಮೂರು ತಿಂಗಳಿಗೊಮ್ಮೆ ತರಿಸಿದರೆ ₹24,000, ಆರು ತಿಂಗಳಾದರೆ ಆಗಲೇ ನೋಡಿದಂತೆ ₹44,400.

ಖರ್ಚುಗಳನ್ನು ಅಂದಾಜು ಮಾಡುವಾಗಲೂ ಇದೇ ಸಹನೆ ಕೈಹಿಡಿಯುತ್ತದೆ. ತರಿಸುವ ಖರ್ಚು ₹600 ಎಂದುಕೊಂಡಿರಿ, ನಿಜಕ್ಕೂ ಅದು ₹1,200 ಇತ್ತು ಎನ್ನಿ. ಅರ್ಧದಷ್ಟು ತಪ್ಪಿದ ಅಂದಾಜು. ಆದರೂ ಸರಿಯಾದ ಪ್ರಮಾಣ ತರಿಸಿದ್ದರೆ ಆಗುತ್ತಿದ್ದ ಖರ್ಚಿಗಿಂತ ನಿಮಗೆ ಆದದ್ದು ಸುಮಾರು ಶೇ 6 ಮಾತ್ರ ಹೆಚ್ಚು. ವರ್ಗಮೂಲ ತಪ್ಪನ್ನು ಕುಗ್ಗಿಸುತ್ತದೆ, ಚಪ್ಪಟೆ ತಳ ಅದನ್ನು ಮತ್ತಷ್ಟು ಕುಗ್ಗಿಸುತ್ತದೆ. ಹಾಗಾಗಿ ಟೆಂಪೊದಲ್ಲಿ ಎಷ್ಟು ಮೂಟೆ ಹಿಡಿಯುತ್ತದೆ, ಯಾವ ವಾರ ಕೈಯಲ್ಲಿ ದುಡ್ಡಿರುತ್ತದೆ, ಯಾವ ದಿನ ಮಂಡಿಯಲ್ಲಿ ಒಳ್ಳೆಯ ಮಾಲು ಬರುತ್ತದೆ ಎಂಬುದಕ್ಕೆ ತಕ್ಕಂತೆ ಪ್ರಮಾಣವನ್ನು ಹೊಂದಿಸಿಕೊಳ್ಳಲು ಬೇಕಾದಷ್ಟು ಅವಕಾಶವಿದೆ. ದಶಾಂಶದವರೆಗೆ ಲೆಕ್ಕ ಹಾಕಿ ‘587 ಕೆಜಿ ಕೊಡಿ’ ಎಂದು ಮಂಡಿಯಲ್ಲಿ ಕೇಳುವುದು ವ್ಯರ್ಥ.

ವರ್ಗಮೂಲಕ್ಕೆ ಇನ್ನೊಂದು ಪರಿಣಾಮವಿದೆ. ಹೋಟೆಲು ಬೆಳೆದು ಬೇಳೆಯ ಬಳಕೆ ನಾಲ್ಕು ಪಟ್ಟಾಯಿತೆನ್ನಿ. ದಾಸ್ತಾನೂ ನಾಲ್ಕು ಪಟ್ಟಾಗಬೇಕು ಎಂದೇ ಎಲ್ಲರಿಗೂ ತೋರುತ್ತದೆ. ಆಗಬೇಕಾದದ್ದು ಎರಡು ಪಟ್ಟು. ತಿಂಗಳಿಗೊಮ್ಮೆ ಬರುತ್ತಿದ್ದ ಬೇಳೆ ಈಗ ಹದಿನೈದು ದಿನಕ್ಕೊಮ್ಮೆ, ಸಲಕ್ಕೆ 1,200 ಕೆಜಿಯಂತೆ ಬರಬೇಕು. ‘ಯಾವ ಪದಾರ್ಥವೇ ಆಗಲಿ, ಒಂದು ತಿಂಗಳಿಗೆ ಆಗುವಷ್ಟು ಇರಲಿ’ ಎಂಬ ಕಟ್ಟುಪಾಡು ಅನೇಕ ಅಂಗಡಿ, ಹೋಟೆಲುಗಳಲ್ಲಿದೆ. ನೆನಪಿಡಲು ಸುಲಭ, ಆದರೆ ಸರಿಯಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ಹಣ ಹೋಗುವ ಬೇಳೆಗೂ ಕೆಲವೇ ಸಾವಿರ ಹೋಗುವ ಉಪ್ಪಿಗೂ ಒಂದೇ ಅವಧಿ ಹೊಂದದು. ಇದೇ ಹೋಟೆಲು ವರ್ಷಕ್ಕೆ ₹18,000ದ ಉಪ್ಪು ತರುತ್ತದೆ ಎನ್ನೋಣ. ಅದು ಬೇಳೆಯ ಬಿಲ್ಲಿನ ನಲವತ್ತೆಂಟರಲ್ಲಿ ಒಂದು ಪಾಲು. ಉಪ್ಪಿಗೆ ಬೇರೆಯೇ ಟೆಂಪೊ ಬರಬೇಕಿದ್ದರೆ ಸೂತ್ರದ ಪ್ರಕಾರ ಅದನ್ನು ಸುಮಾರು ಏಳು ತಿಂಗಳಿಗೊಮ್ಮೆ ತರಿಸಬೇಕು. ಮಳೆಗಾಲದಲ್ಲಿ ಉಪ್ಪು ನೀರೊಡೆಯುವುದರಿಂದ ಅಷ್ಟು ದಿನ ಇಡಲಾಗದು ಎಂಬುದು ಉಗ್ರಾಣದವರಿಗೆ ಗೊತ್ತು. ಬೇಳೆಯ ಟೆಂಪೊದಲ್ಲೇ ಉಪ್ಪಿನ ಚೀಲವನ್ನೂ ಹಾಕಿಕೊಂಡು ಬಂದರೆ ಅದನ್ನು ತರಿಸುವ ಖರ್ಚು ಹತ್ತಿರಹತ್ತಿರ ಸೊನ್ನೆ ಎಂಬುದೂ ಗೊತ್ತು. ಸೂತ್ರ ಒಂದು ಪದಾರ್ಥವನ್ನು ಒಂಟಿಯಾಗಿ ನೋಡುತ್ತದೆ. ಒಂದೇ ಮಂಡಿಯಿಂದ ಬರುವ ಪದಾರ್ಥಗಳನ್ನು ಒಂದು ಗುಂಪಾಗಿ ಹಿಡಿದು, ಟೆಂಪೊ ಖರ್ಚನ್ನು ಗುಂಪಿಗೆ ಹಾಕಿ ಲೆಕ್ಕ ಮಾಡುವುದು ಉಗ್ರಾಣದ ನಿಜಸ್ಥಿತಿಗೆ ಹೆಚ್ಚು ಹತ್ತಿರ.

ಇನ್ನು ಮಂಡಿಯವರ ಮಾತು. ‘ಒಟ್ಟಿಗೆ 36 ಮೂಟೆ ತಗೊಳ್ಳಿ ಸ್ವಾಮಿ, ಕೆಜಿಗೆ ಎರಡು ರೂಪಾಯಿ ಬಿಟ್ಟುಕೊಡ್ತೀನಿ.’ ಈಗ ಬದಿಗಿಟ್ಟಿದ್ದ ಖರೀದಿ ಬೆಲೆ ಲೆಕ್ಕದೊಳಕ್ಕೆ ಬರುತ್ತದೆ, ಏಕೆಂದರೆ ಈಗ ಅದು ಬದಲಾಗುತ್ತಿದೆ. 1,800 ಕೆಜಿಯಂತೆ ವರ್ಷಕ್ಕೆ ನಾಲ್ಕು ಸಲ ತರಿಸಿದರೆ ರಿಯಾಯಿತಿಯಿಂದ ಉಳಿಯುವುದು 7,200 ಕೆಜಿಗೆ ₹14,400. ಬೆಲೆ ಇಳಿದದ್ದರಿಂದ ಇಟ್ಟುಕೊಳ್ಳುವ ಖರ್ಚು ಕೆಜಿಗೆ ₹23.60ಕ್ಕೆ ಇಳಿಯುತ್ತದೆ. ತರಿಸುವ, ಇಟ್ಟುಕೊಳ್ಳುವ ಖರ್ಚೆರಡೂ ಕೂಡಿ ₹23,640, ಮೊದಲಿಗಿಂತ ₹9,240 ಹೆಚ್ಚು. ಕಳೆದರೆ ₹5,160 ಲಾಭ. ಒಪ್ಪಿಕೊಳ್ಳಬಹುದು. ಅವರು ಒಂದೇ ರೂಪಾಯಿ ಬಿಟ್ಟುಕೊಟ್ಟಿದ್ದರೆ? ಉಳಿಯುವುದು ₹7,200, ಹೆಚ್ಚುವುದು ₹9,420. ನಷ್ಟ. ಗೆಲುವು ಸೋಲುಗಳ ನಡುವೆ ಇರುವುದು ಬರೀ ಒಂದು ರೂಪಾಯಿಯ ಅಂತರ. ಕಿವಿಗೆ ಎರಡೂ ರಿಯಾಯಿತಿಯಂತೆಯೇ ಕೇಳಿಸುತ್ತವೆ, ಆದ್ದರಿಂದ ಹೂಂಗುಟ್ಟುವ ಮೊದಲು ಕಾಗದದ ಮೇಲೆ ಹಾಕಿ ನೋಡಬೇಕು. ಮೂರು ತಿಂಗಳು ಕೂತ ಮೂಟೆಗೆ ಹುಳು ಹಿಡಿಯುವ ಪಾಲು ಶೇ 5ರಲ್ಲೇ ನಿಲ್ಲುತ್ತದೆಯೇ ಎಂದು ಮಳೆಗಾಲದಲ್ಲಿ ಇನ್ನೊಮ್ಮೆ ಯೋಚಿಸಬೇಕು. ಹಳೆಯ ಮೂಟೆಯನ್ನು ಮೊದಲು ಬಿಚ್ಚುವ ಶಿಸ್ತಿಲ್ಲದ ಉಗ್ರಾಣದಲ್ಲಿ ಹೊಸ ಮೂಟೆ ಮುಂದೆ ಬಂದು, ಹಳೆಯದು ಗೋಡೆಗೆ ಒರಗಿ ವರ್ಷ ಕಳೆಯುತ್ತದೆ. ಆಗ ಈ ಲಾಭವೆಲ್ಲ ಹುಳುವಿನ ಪಾಲು.

ಬೆಲೆ ಏರುತ್ತದೆಂದು ಕೂಡಿಡುವುದು ಇನ್ನೊಂದು ವಿಷಯ. ತೊಗರಿ ಬೆಳೆಯುವ ಕಲಬುರಗಿ ಸೀಮೆಯಲ್ಲಿ ಡಿಸೆಂಬರಿನಿಂದ ಹೊಸ ಫಸಲು ಮಾರುಕಟ್ಟೆಗೆ ಬರಲು ಶುರುವಾಗುತ್ತದೆ. ಆ ಹೊತ್ತಿಗೆ ತಂದಿಟ್ಟುಕೊಂಡರೆ ಮುಂದೆ ಬೆಲೆ ಏರಿದಾಗ ಉಳಿಯುತ್ತದೆ ಎಂಬ ಆಸೆ ಸಹಜ. ಸೂತ್ರ ಬೆಲೆ ಬದಲಾಗದೆಂದು ಎಣಿಸಿಯೇ ಹೊರಟಿದೆ, ಈ ಆಸೆಗೆ ಅದರಲ್ಲಿ ಜಾಗವಿಲ್ಲ. ಆದರೆ ನೆನಪಿಡಿ ಎಂದಿದ್ದ ತಿಂಗಳಿಗೆ ಎರಡು ರೂಪಾಯಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ದಿನ ತಂದು ಮೂರು ತಿಂಗಳ ನಂತರ ಬಳಸುವ ಬೇಳೆಗೆ ಕೆಜಿಗೆ ₹6 ಖರ್ಚು ಬೀಳುತ್ತದೆ, ಆರು ತಿಂಗಳಾದರೆ ₹12. ಬೆಲೆ ಅದಕ್ಕಿಂತ ಹೆಚ್ಚು ಏರುತ್ತದೆಂಬ ನಂಬಿಕೆ ಗಟ್ಟಿಯಾಗಿದ್ದರೆ ಕೂಡಿಡಬಹುದು. ಅದು ವ್ಯಾಪಾರದ ಪಣ. ಅದನ್ನು ಉಗ್ರಾಣದ ಉಳಿತಾಯವೆಂದು ಕರೆದುಕೊಂಡು ಮೋಸಹೋಗಬಾರದು.

ಸೂತ್ರ ‘ಎಷ್ಟು’ ಎಂದು ಹೇಳುತ್ತದೆ, ‘ಯಾವಾಗ’ ಎಂದು ಹೇಳುವುದಿಲ್ಲ. ಹೇಳಿ ಕಳಿಸಿದ ಮೇಲೆ ಬೇಳೆ ಬರಲು ನಾಲ್ಕು ದಿನ ಬೇಕಾದರೆ, ಉಗ್ರಾಣದಲ್ಲಿ 80 ಕೆಜಿ ಉಳಿದಿರುವಾಗಲೇ ಹೇಳಿ ಕಳಿಸಬೇಕು. ಮದುವೆ ಕಾಲದಲ್ಲಿ ಗಿರಾಕಿ ಹೆಚ್ಚಬಹುದು, ಲಾರಿ ತಡವಾಗಬಹುದು, ಅದಕ್ಕೆಂದು ಇನ್ನೊಂದು ಮೂಟೆ ಕೈಕಾವಲಿಗೆ ಇರಲಿ. ಆ ಕಾವಲಿನ ಮೂಟೆಗೆ ಇಟ್ಟುಕೊಳ್ಳುವ ಖರ್ಚು ಅರ್ಧದ ಲೆಕ್ಕದಲ್ಲಿ ಬೀಳದು, ಪೂರ್ತಿಯಾಗಿಯೇ ಬೀಳುತ್ತದೆ. ಇನ್ನು ಸೊಪ್ಪು, ಹಾಲು, ಮೊಸರಿನಂಥವುಗಳಿಗೆ ಈ ಲೆಕ್ಕವೇ ಬೇಡ. ಅವು ಎಷ್ಟು ಹೊತ್ತು ಕೆಡದೆ ಉಳಿಯುತ್ತವೆ ಎಂಬುದೇ ಪ್ರಮಾಣವನ್ನು ತೀರ್ಮಾನಿಸುತ್ತದೆ.

ಇಲ್ಲಿಯವರೆಗೆ ₹600ನ್ನು ಹಣೆಬರಹದಂತೆ ಒಪ್ಪಿಕೊಂಡು ಬಂದೆವು. ಹ್ಯಾರಿಸರ ಲೆಕ್ಕವನ್ನು ಓದಿದ ಕಾರ್ಖಾನೆಗಳೂ ಬಹುಕಾಲ ಹಾಗೆಯೇ ನಡೆದುಕೊಂಡವು. ಯಂತ್ರ ಹೊಂದಿಸಲು ನಾಲ್ಕು ಗಂಟೆ ಬೇಕೆಂದರೆ ಬೇಕು, ಆದ್ದರಿಂದ ಒಂದು ಸಲಕ್ಕೆ ಸಾವಿರಾರು ಬಿಡಿಭಾಗ ಮಾಡಿಟ್ಟುಕೊಳ್ಳೋಣ ಎಂದರು. ಜಪಾನಿನ ಟೊಯೊಟಾದವರು ಬೇರೆ ರೀತಿ ಯೋಚಿಸಿದರು. ಅಲ್ಲಿ ಸಾವಿರ ಟನ್ನಿನ ಪ್ರೆಸ್ಸಿನ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. 1969ರಲ್ಲಿ ಶಿಗಿಯೊ ಶಿಂಗೊ ಎಂಬ ಎಂಜಿನಿಯರ್ ಅಲ್ಲಿನವರ ಜೊತೆ ಕೂತು ಅದನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ಯಂತ್ರ ನಿಲ್ಲಿಸಿಯೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು ಎಂದು ಬೇರ್ಪಡಿಸಿದ್ದು ಅವರು ಮಾಡಿದ ಮುಖ್ಯ ಕೆಲಸ. ಹೊಂದಿಸುವ ಖರ್ಚು ಹೀಗೆ ಕುಸಿದಾಗ ಒಂದು ಸಲಕ್ಕೆ ಮಾಡಬೇಕಾದ ಪ್ರಮಾಣವೂ ತಾನಾಗಿ ಕುಸಿಯಿತು. ಟೊಯೊಟಾದ ಕಡಿಮೆ ದಾಸ್ತಾನಿನ ಪದ್ಧತಿ ಹ್ಯಾರಿಸರ ಸೂತ್ರವನ್ನು ಸುಳ್ಳು ಮಾಡಿತು ಎಂದು ಕೆಲವರು ಬರೆಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅದೇ ಸೂತ್ರದ S ಎಂಬ ಒಂದು ಅಕ್ಷರವನ್ನು ಅವರು ಇಳಿಸಿದರು, ಉಳಿದದ್ದನ್ನು ಸೂತ್ರವೇ ಹೇಳಿತು.

ಹೋಟೆಲಿನಲ್ಲೂ ಇದನ್ನು ಮಾಡಬಹುದು. ಮಾದರಿಯನ್ನು ವರ್ಷಕ್ಕೆ ಎರಡು ಸಲ ನೋಡಿ ಗುಣಮಟ್ಟ ಒಪ್ಪಿಕೊಂಡು, ನಂಬಿಕೆಯ ಮಂಡಿಗೆ ಫೋನಿನಲ್ಲೇ ಹೇಳಿ, ಅದೇ ರಸ್ತೆಯಲ್ಲಿ ಬೇರೆ ಅಂಗಡಿಗಳಿಗೆ ಬರುವ ಅವರ ಗಾಡಿಯಲ್ಲೇ ತರಿಸಿಕೊಂಡರೆ ಒಂದು ಸಲದ ಖರ್ಚು ₹150ಕ್ಕೆ ಇಳಿಯಬಹುದು. ಆಗ ಒಂದು ಸಲಕ್ಕೆ 300 ಕೆಜಿ ಸಾಕು, ವರ್ಷದ ಒಟ್ಟು ಖರ್ಚು ₹14,400ರಿಂದ ₹7,200ಕ್ಕೆ ಇಳಿಯುತ್ತದೆ. ಕೋಣೆಯೂ ಅರ್ಧ ಖಾಲಿಯಾಗುತ್ತದೆ. ಆದರೆ ‘ಬಾಗಿಲಿಗೇ ತಂದುಕೊಡ್ತೀವಿ’ ಎನ್ನುವವರು ಕೆಜಿಗೆ ಮೂರು ರೂಪಾಯಿ ಹೆಚ್ಚು ಹಾಕಿದ್ದರೆ ವರ್ಷಕ್ಕೆ ₹21,600 ಕೈಬಿಟ್ಟಂತೆ. ಅರ್ಧ ಉಳಿಸಲು ಹೋಗಿ ಮೂರು ಪಟ್ಟು ಕೊಟ್ಟಂತಾಗುತ್ತದೆ. ಬಾಡಿಗೆ ಮಾಯವಾಗುವುದಿಲ್ಲ, ಬೆಲೆಯೊಳಗೆ ಹೋಗಿ ಸೇರಿಕೊಳ್ಳುತ್ತದೆ. ಎರಡು ಮಂಡಿಗಳ ಬೆಲೆಯನ್ನು ಒಂದೇ ದಿನ ಕೇಳಿ ನೋಡಿದರೆ ಅದು ಬೆಳಕಿಗೆ ಬರುತ್ತದೆ.

ನಿಮ್ಮದು ಹೋಟೆಲಾಗಲಿ, ದಿನಸಿ ಅಂಗಡಿಯಾಗಲಿ, ಸಣ್ಣ ವರ್ಕ್‌ಶಾಪಾಗಲಿ, ಈ ಲೆಕ್ಕವನ್ನು ಎಲ್ಲ ಪದಾರ್ಥಕ್ಕೂ ಹಾಕಬೇಕಿಲ್ಲ. ಅತಿ ಹೆಚ್ಚು ದುಡ್ಡು ಹೋಗುವ ನಾಲ್ಕೈದು ಪದಾರ್ಥಗಳನ್ನು ಆರಿಸಿಕೊಳ್ಳಿ. ಕಳೆದ ವರ್ಷದ ಬಿಲ್ಲುಗಳನ್ನು ತೆಗೆದು, ಎಷ್ಟು ಸಲ ತರಿಸಿದಿರಿ, ಸಲಕ್ಕೆ ಎಷ್ಟು ಎಂದು ನೋಡಿ. ತರಿಸುವುದಕ್ಕೆ ಆದದ್ದನ್ನು ಒಂದು ಕಡೆ, ಇಟ್ಟುಕೊಂಡದ್ದಕ್ಕೆ ಆದದ್ದನ್ನು ಇನ್ನೊಂದು ಕಡೆ ಬರೆಯಿರಿ. ಒಂದು ಇನ್ನೊಂದರ ಎರಡು ಪಟ್ಟಿನೊಳಗೆ ಇದ್ದರೆ ಕೈಹಾಕಬೇಡಿ, ನೀವು ಕಳೆದುಕೊಳ್ಳುತ್ತಿರುವುದು ಹೆಚ್ಚೆಂದರೆ ಶೇ 6. ನಾಲ್ಕು ಪಟ್ಟು ಮೀರಿದ್ದರೆ ಶೇ 25ಕ್ಕಿಂತ ಹೆಚ್ಚು ಪೋಲಾಗುತ್ತಿದೆ. ತರಿಸುವ ಖರ್ಚೇ ದೊಡ್ಡದಾಗಿದ್ದರೆ ಮುಂದಿನ ಸಲ ಇಮ್ಮಡಿ ತರಿಸಿ, ಇಟ್ಟುಕೊಳ್ಳುವ ಖರ್ಚು ದೊಡ್ಡದಾಗಿದ್ದರೆ ಅರ್ಧ ತರಿಸಿ.